ಡಿ3ಗೆ ರಿಲೇ ಹಾಕಿದರೆ ಬೋರ್ಡ್ ಏಳುವುದೇ ಇಲ್ಲ, ಯಾಕೆ?

ಪ್ರಶ್ನೆ: ಸರ್, ಅಡಿಕೆ ತೋಟದ ಬೋರ್‌ವೆಲ್ ಮೋಟಾರಿಗೆ ಇಎಸ್‌ಪಿ8266 ನೋಡ್‌ಎಂಸಿಯು ಬೋರ್ಡ್ ಜೋಡಿಸಿದ್ದೇನೆ. ಡಿ3 ಪಿನ್ನಿಗೆ ಒಂದು ರಿಲೇ ಮಾಡ್ಯೂಲ್ ಇದೆ. ಅದರಲ್ಲಿ ಒಂದೇ ಟ್ರಾನ್ಸಿಸ್ಟರ್, ಹೈ ಕೊಟ್ಟರೆ ಆನ್ ಆಗುತ್ತದೆ. ಕರೆಂಟ್ ಹೋಗಿ ಬಂದರೆ ಬೋರ್ಡ್ ಸತ್ತಂತೆ ಕೂರುತ್ತದೆ, ವೈಫೈಗೂ ಬರುವುದಿಲ್ಲ. ರಿಲೇ ವೈರ್ ಕಿತ್ತು ಪವರ್ ಕೊಟ್ಟರೆ ಏಳುತ್ತದೆ. ಆಮೇಲೆ ವೈರ್ ಸಿಕ್ಕಿಸಿದರೂ ಓಡುತ್ತದೆ! ಬೋರ್ಡ್, ಅಡಾಪ್ಟರ್ ಎರಡೂ ಬದಲಿಸಿ ನೋಡಿದೆ.
ಓದುಗರು, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ

ಉತ್ತರ: ವೈರ್ ಕಿತ್ತರೆ ಏಳುತ್ತದೆ ಎಂದು ಬರೆದಿರಲ್ಲ, ರೋಗ ಗೊತ್ತಾಗಲು ಅಷ್ಟೇ ಸಾಕು. ಹಳೆಯ ಬೋರ್ಡಿನಲ್ಲಿ ದೋಷ ಇರಲಿಲ್ಲ, ಎಸೆಯಬೇಡಿ.

ಪವರ್ ಬಂದ ಕ್ಷಣದಲ್ಲಿ ಈ ಚಿಪ್ ಮೂರು ಪಿನ್ನುಗಳನ್ನು ಓದಿ, ಮುಂದೆ ಏನು ಮಾಡಬೇಕು ಎಂದು ತೀರ್ಮಾನಿಸುತ್ತದೆ. ಡಿ3 ಮತ್ತು ಡಿ4 ಹೈ ಇರಬೇಕು, ಡಿ8 ಲೋ ಇರಬೇಕು. ಆಗ ಮಾತ್ರ ನಿಮ್ಮ ಪ್ರೋಗ್ರಾಂ ಶುರುವಾಗುತ್ತದೆ. ಡಿ3 ಲೋ ಇದ್ದರೆ ಹೊಸ ಪ್ರೋಗ್ರಾಂ ಬರುತ್ತದೆ ಎಂದುಕೊಂಡು ಕಾಯುತ್ತಾ ಕೂರುತ್ತದೆ. ಬೋರ್ಡಿನ ಮೇಲಿರುವ ಫ್ಲಾಶ್ ಬಟನ್ ಮಾಡುವುದೂ ಇದನ್ನೇ, ಡಿ3 ಅನ್ನು ಗ್ರೌಂಡಿಗೆ ಎಳೆಯುತ್ತದೆ. ನಿಮ್ಮ ರಿಲೇ ಆ ಬಟನ್ ಮೇಲೆ ಸದಾ ಬೆರಳಿಟ್ಟುಕೊಂಡು ಕೂತಂತಾಗಿದೆ. ಈ ಓದುವಿಕೆ ಆರಂಭದಲ್ಲಿ ಒಮ್ಮೆ ಮಾತ್ರ. ಅದಕ್ಕೇ ಆಮೇಲೆ ವೈರ್ ಸಿಕ್ಕಿಸಿದರೆ ಏನೂ ತೊಂದರೆ ಇಲ್ಲ.

ರಿಲೇ ಆಫ್ ಇದ್ದರೂ ಪಿನ್ನನ್ನು ಹೇಗೆ ಎಳೆಯುತ್ತದೆ ಅಂತೀರಾ? ಬೋರ್ಡಿನಲ್ಲಿ ಡಿ3ಯನ್ನು ಹೈ ಇಡುವುದು ಸುಮಾರು 10 ಕಿಲೋಓಮ್‌ನ ರೆಸಿಸ್ಟರ್. ನಿಮ್ಮ ಮಾಡ್ಯೂಲಿನಲ್ಲಿ ಟ್ರಾನ್ಸಿಸ್ಟರಿನ ಬೇಸ್‌ಗೆ 1 ಕಿಲೋಓಮ್ ಇದೆ ಎಂದುಕೊಳ್ಳಿ. ಬೇಸ್ ಸುಮಾರು 0.7 ವೋಲ್ಟಿನಲ್ಲಿ ನಿಲ್ಲುತ್ತದೆ. 3.3ರಲ್ಲಿ ಉಳಿದ 2.6 ವೋಲ್ಟು ಎರಡೂ ರೆಸಿಸ್ಟರಿಗೆ ಹಂಚಿಹೋಗುತ್ತದೆ. ಲೆಕ್ಕ ಹಾಕಿದರೆ ಪಿನ್ನಿನಲ್ಲಿ ಉಳಿಯುವುದು 0.95 ವೋಲ್ಟಿನ ಆಸುಪಾಸು. ಹೈ ಎಂದು ಖಚಿತವಾಗಿ ಓದಲು ಸುಮಾರು 2.5 ವೋಲ್ಟು ಬೇಕು. ಮಲ್ಟಿಮೀಟರ್ ಇದ್ದರೆ ಡಿ3 ಮತ್ತು ಗ್ರೌಂಡ್ ನಡುವೆ ಅಳೆದು ನೋಡಿ. ವೈರ್ ಸಿಕ್ಕಿಸಿ ಪವರ್ ಕೊಟ್ಟರೆ ಒಂದರ ಹತ್ತಿರ ತೋರಿಸುತ್ತದೆ, ಪವರ್ ಇದ್ದಂತೆಯೇ ವೈರ್ ಕಿತ್ತರೆ 3.3.

ಇನ್ನೂ ಅನುಮಾನವಿದ್ದರೆ ಬೋರ್ಡನ್ನೇ ಕೇಳಿ. ಸೀರಿಯಲ್ ಮಾನಿಟರಿನ ವೇಗವನ್ನು 74880ಕ್ಕೆ ಇಟ್ಟು, ರಿಲೇ ಸಿಕ್ಕಿಸಿಕೊಂಡೇ ರೀಸೆಟ್ ಒತ್ತಿ. ಬೇರೆ ವೇಗದಲ್ಲಿ ಬರೀ ಕಸ ಕಾಣುತ್ತದೆ. ಹೀಗೊಂದು ಸಾಲು ಬರುತ್ತದೆ:

```
ets Jan  8 2013,rst cause:2, boot mode:(1,6)
```

ಕಂಸದ ಮೊದಲ ಅಂಕಿ ಮಾತ್ರ ನೋಡಿ. 3 ಇದ್ದರೆ ಸರಿ. 1 ಇದ್ದರೆ ಡಿ3 ಲೋ ಆಗಿದೆ.

ರೆಸಿಸ್ಟರ್ ಬದಲಿಸಿ ಡಿ3ಯಲ್ಲೇ ಉಳಿಸಿಕೊಳ್ಳಲು ಹೋಗಬೇಡಿ. ಬೋರ್ಡ್ ಏಳಲು ಡಿ3 ಹೈ ಇರಬೇಕು, ನಿಮ್ಮ ರಿಲೇಗೆ ಹೈ ಅಂದರೆ ಆನ್. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾದರೆ ಏನು ಗತಿ, ಅಲ್ವಾ?

ರಿಲೇ ವೈರನ್ನು ಡಿ1ಕ್ಕೆ ಹಾಕಿ. ಆ ಪಿನ್ನಿಗೆ ಆರಂಭದ ಕಟ್ಟುಪಾಡು ಇಲ್ಲ. ಡಿ1 ಮತ್ತು ಗ್ರೌಂಡ್ ನಡುವೆ ಒಂದು 10 ಕಿಲೋಓಮ್ ರೆಸಿಸ್ಟರ್ ಇಟ್ಟರೆ, ಪ್ರೋಗ್ರಾಂ ಏಳುವವರೆಗೂ ರಿಲೇ ಆಫ್ ಇರುತ್ತದೆ. ಪ್ರೋಗ್ರಾಂನಲ್ಲಿ ಮೊದಲು ಲೋ ಬರೆದು ಆಮೇಲೆ ಔಟ್‌ಪುಟ್ ಮಾಡಿ:

```
const int RELAY = D1;
void setup() {
  digitalWrite(RELAY, LOW);
  pinMode(RELAY, OUTPUT);
}
```

ಡಿ2 ಕೂಡ ಆಗುತ್ತದೆ. ಡಿಸ್‌ಪ್ಲೇ ಅಥವಾ ಸೆನ್ಸರ್‌ಗೆ ಇವೆರಡೂ ಹೋಗಿದ್ದರೆ ನಿಮ್ಮ ಈ ಮಾಡ್ಯೂಲಿಗೆ ಡಿ8 ಹೊಂದುತ್ತದೆ, ಏಕೆಂದರೆ ಅಲ್ಲಿ ಬೋರ್ಡಿಗೂ ರಿಲೇಗೂ ಬೇಕಾದ್ದು ಲೋ. ಆದರೆ ಮುಂದೆ ಲೋ ಕೊಟ್ಟರೆ ಆನ್ ಆಗುವ ಮಾಡ್ಯೂಲ್ ತಂದರೆ ಅದನ್ನು ಡಿ8ಕ್ಕೆ ಹಾಕಬೇಡಿ. ಅದು ಪಿನ್ನನ್ನು ಮೇಲಕ್ಕೆ ಎಳೆಯುತ್ತದೆ, ಬೋರ್ಡ್ ಮತ್ತೆ ಏಳುವುದಿಲ್ಲ. ಆಗ ಮಾನಿಟರಿನಲ್ಲಿ ಮೊದಲ ಅಂಕಿ 7 ಎಂದು ಕಾಣಬಹುದು. ಡಿ4ನಿಂದಲೂ ದೂರ ಇರಿ. ಪವರ್ ಬಂದಾಗ ಅಲ್ಲಿ ಸಣ್ಣ ಸಿಗ್ನಲ್ ಹೊರಡುತ್ತದೆ, ರಿಲೇ ಟಕಟಕ ಎನ್ನುತ್ತದೆ.

ಕೇಳದೇ ಇದ್ದ ಒಂದು ಮಾತು. ತ್ರೀ ಫೇಸ್ ಸ್ಟಾರ್ಟರಿನ ಕಾಯಿಲ್ ಮೇಲೆ ಬರೆದಿರುವ ವೋಲ್ಟೇಜ್ ಓದಿ. ಪಂಪ್‌ಸೆಟ್ ಸ್ಟಾರ್ಟರುಗಳಲ್ಲಿ ಎಷ್ಟೋ ಕಡೆ ಅದು 415 ಇರುತ್ತದೆ. ಸಣ್ಣ ರಿಲೇಯ ಮಿತಿ ಸಾಮಾನ್ಯವಾಗಿ 250 ವೋಲ್ಟು. 415 ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಕಾಯಿಲ್ ಬದಲಿಸಿ, ಇಲ್ಲವೇ ನಡುವೆ ದೊಡ್ಡ ರಿಲೇ ಒಂದನ್ನು ಹಾಕಿಸಿ. ಅಲ್ಲಿಯವರೆಗೆ ಸ್ಟಾರ್ಟರಿನ ವೈರ್ ಬಿಚ್ಚಿಟ್ಟು, ಬೋರ್ಡಿನ ಪವರನ್ನು ಹತ್ತಾರು ಸಲ ತೆಗೆದು ಕೊಟ್ಟು ನೋಡಿ. ಪ್ರತಿ ಸಲವೂ ವೈಫೈಗೆ ಬರಬೇಕು, ರಿಲೇ ಒಮ್ಮೆಯೂ ಸದ್ದು ಮಾಡಬಾರದು.