ಕೋಷ್ಟಕದ ಕೆಳಗಿನ ಟಿಪ್ಪಣಿಗಳ ಕ್ರಮ

“ವರದಿಯಿಂದ ಕೋಷ್ಟಕವನ್ನಷ್ಟೇ ತೆಗೆದು ಬೇರೆಡೆ ಹಾಕಿದರೆ ಓದುವವರಿಗೆ ಅರ್ಥವಾಗುತ್ತಿಲ್ಲ. ಕೆಳಗೆ ಏನೇನು, ಯಾವ ಕ್ರಮದಲ್ಲಿ ಬರೆಯಬೇಕು?”

ಕಟ್ಟಡವಾರು ನೀರಿನ ಬಳಕೆಯ ಕೋಷ್ಟಕವೊಂದನ್ನು ಊಹಿಸಿಕೊಳ್ಳಿ. ‘ಸಾವಿರ ಲೀಟರ್‌ಗಳಲ್ಲಿ’ ಎಂಬ ಮಾತು ಕೆಳಗಲ್ಲ, ಶೀರ್ಷಿಕೆಯ ಜೊತೆಗೇ ಇರಬೇಕು. ಕಾಲಂಗಳ ಅಳತೆ ಬೇರೆ ಬೇರೆಯಾಗಿದ್ದರೆ ಆಯಾ ತಲೆಬರಹದಲ್ಲಿ ಬರೆಯಿರಿ.

ಕೋಷ್ಟಕದ ಕೆಳಗೆ ಮೊದಲು ಇಡೀ ಕೋಷ್ಟಕಕ್ಕೆ ಅನ್ವಯಿಸುವ ಸೂಚನೆ ಬರಲಿ: ‘– ಎಂದರೆ ಮಾಹಿತಿ ಲಭ್ಯವಿಲ್ಲ, 0 ಎಂದರೆ ಬಳಕೆಯೇ ಇಲ್ಲ. ಪೂರ್ಣಾಂಕಕ್ಕೆ ತಂದಿರುವುದರಿಂದ ಮೊತ್ತದಲ್ಲಿ ಅಲ್ಪ ವ್ಯತ್ಯಾಸವಿರಬಹುದು.’ ಈ ಕೊನೆಯ ವಾಕ್ಯವಿಲ್ಲದಿದ್ದರೆ, ತಲಾ 33ರಂತೆ ಮೂರು ಶೇಕಡಾವಾರುಗಳನ್ನು ಕೂಡಿ 99 ಕಂಡವರು ನಿಮ್ಮ ಲೆಕ್ಕವನ್ನೇ ಶಂಕಿಸುತ್ತಾರೆ.

ಅನಂತರ ಕೋಷ್ಟಕದ ನಿರ್ದಿಷ್ಟ ಚೌಕಗಳಿಗೆ ಸಂಬಂಧಿಸಿದ ಅಡಿಟಿಪ್ಪಣಿಗಳು. ಇವಕ್ಕೆ ಅಂಕಿಯ ಬದಲು ಕ, ಖ, ಗ ಎಂಬ ಅಕ್ಷರಗಳನ್ನು ಬಳಸುವುದು ಲೇಸು, ಏಕೆಂದರೆ 45² ಎಂದಿದ್ದರೆ ಅದು ಎರಡನೆಯ ಟಿಪ್ಪಣಿಯೋ ನಲವತ್ತೈದರ ವರ್ಗವೋ ತಿಳಿಯದು. ‘ಕ: ಮೀಟರ್ ಕೆಟ್ಟಿದ್ದರಿಂದ ಹಿಂದಿನ ತಿಂಗಳ ಅಂಕಿಯ ಆಧಾರದ ಅಂದಾಜು’ ಎಂಬಂತೆ ಕಾರಣವನ್ನೂ ಹೇಳಿ. ವರ್ಡ್‌ನ ಅಡಿಟಿಪ್ಪಣಿ ಸೌಲಭ್ಯವನ್ನು ಇಲ್ಲಿ ಬಳಸಬೇಡಿ. ಅದು ಟಿಪ್ಪಣಿಯನ್ನು ಪುಟದ ತಳಕ್ಕೆ ಒಯ್ಯುವುದರಿಂದ, ನಕಲಿಸಿದ ಕೋಷ್ಟಕದ ಚಿತ್ರದಲ್ಲಿ ಗುರುತು ಮಾತ್ರ ಉಳಿದು ವಿವರಣೆ ಕಳೆದುಹೋಗುತ್ತದೆ. ಕೈಯಾರೆ ಟೈಪ್ ಮಾಡುವುದೇ ಸುರಕ್ಷಿತ.

ಆಕರ ಕೊನೆಯಲ್ಲಿರಲಿ (ನಿಮ್ಮ ಕಚೇರಿಯ ಶೈಲಿ ಬೇರೆಯಿದ್ದರೆ ಅದನ್ನೇ ಪಾಲಿಸಿ). ಬರೀ ‘ಕಚೇರಿ ದಾಖಲೆ’ ಎಂದರೆ ಸಾಲದು. ಯಾವ ವಹಿ, ಯಾವ ಅವಧಿ, ಅಂಕಿಗಳನ್ನು ಪಡೆದ ದಿನಾಂಕ ಇವು ಬೇಕು. ಶೇಕಡಾವಾರನ್ನು ನೀವೇ ಲೆಕ್ಕಹಾಕಿದ್ದರೆ ಅದನ್ನೂ ಅಲ್ಲಿಯೇ ನಮೂದಿಸಿ, ಇಲ್ಲವಾದರೆ ಮೂಲ ವಹಿಯಲ್ಲಿ ಆ ಅಂಕಿಯನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ.