ಮ್ಯಾಕ್ ಲಿಸ್ಟ್‌ಗೆ ಸೇರಿಸಿದರೂ ಹೊಸ ಫೋನ್ ವೈಫೈಗೆ ಸೇರುತ್ತಿಲ್ಲ, ಯಾಕೆ?

ಪ್ರಶ್ನೆ: ಮನೆ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ ಹಾಕಿದ್ದೇನೆ. ಹೊಸ ಆಂಡ್ರಾಯ್ಡ್ ಫೋನಿನ ಮ್ಯಾಕ್ ಅಡ್ರೆಸ್ ಲಿಸ್ಟ್‌ಗೆ ಸೇರಿಸಿದರೂ ಕನೆಕ್ಟ್ ಆಗ್ತಿಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ. ರೂಟರ್ ಬದಲಾಯಿಸಬೇಕಾ, ಫೋನ್ ವಾಪಸ್ ಕೊಡಬೇಕಾ?

ಎರಡೂ ಬೇಡ. ನಾನು ಇದೇ ಕಾರಣಕ್ಕೆ ಹೊಸ ರೂಟರ್ ತಂದು ದುಡ್ಡು ಕಳೆದುಕೊಂಡವನು.

ನಮ್ಮ ಮನೆ ಮಹಡಿಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಬ್ರಾಡ್‌ಬ್ಯಾಂಡ್ ಒಂದೇ, ಬಿಲ್ಲಿನಲ್ಲಿ ಅವರದ್ದೂ ಪಾಲು. ಆದರೆ ಅವರ ಸ್ನೇಹಿತರಿಗೆಲ್ಲ ಪಾಸ್‌ವರ್ಡ್ ಹೋಗಿ, ಸಂಜೆಯಾದರೆ ನೆಟ್ ತೆವಳುತ್ತಿತ್ತು. ಅದಕ್ಕೆ ಫಿಲ್ಟರ್ ಹಾಕಿದೆ. ಫೋನು ವೈಫೈಗೆ ಸೇರುವಾಗ ತನ್ನ ಗುರುತಾಗಿ ಹೇಳುವ ಸಂಖ್ಯೆಯೇ ಮ್ಯಾಕ್ ಅಡ್ರೆಸ್, ಅದು ಲಿಸ್ಟ್‌ನಲ್ಲಿದ್ದರೆ ಮಾತ್ರ ಫಿಲ್ಟರ್ ಒಳಗೆ ಬಿಡುತ್ತದೆ. ಹುಡುಗರ ಫೋನುಗಳನ್ನು ಸೇರಿಸುವಾಗ ರೂಟರ್ ಪುಟದಲ್ಲಿ ಆಗಲೇ ಕನೆಕ್ಟ್ ಆಗಿದ್ದವುಗಳ ಪಟ್ಟಿ ಕಾಣಿಸುತ್ತಿತ್ತು, ಅಲ್ಲೇ ಟಿಕ್ ಮಾಡಿದೆ. ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಅಮ್ಮನಿಗೆ ಹೊಸ ಆಂಡ್ರಾಯ್ಡ್ ಫೋನ್ ತಂದೆವು. ಅದು ಇನ್ನೂ ಕನೆಕ್ಟ್ ಆಗಿರಲಿಲ್ಲವಲ್ಲ, ಹಾಗಾಗಿ ಪಟ್ಟಿಯಲ್ಲಿ ಇರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ `About phone` ಒಳಗಿದ್ದ ಮ್ಯಾಕ್ ಅಡ್ರೆಸ್ ನೋಡಿ ಕೈಯಾರೆ ಟೈಪ್ ಮಾಡಿದೆ.

ತಪ್ಪಾಗಿದ್ದು ಇಲ್ಲೇ. ನೀವೂ ಇದನ್ನೇ ಮಾಡಿರುತ್ತೀರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

`About phone` ಒಳಗೆ ಕಾಣುವುದು ಕಾರ್ಖಾನೆಯಲ್ಲಿ ಕೊಟ್ಟ ಅಡ್ರೆಸ್. ಫೋನಿನ ಡಬ್ಬದ ಮೇಲೆ ಮ್ಯಾಕ್ ಅಚ್ಚಾಗಿದ್ದರೆ ಅದೂ ಇದೇ. ಆದರೆ ಆಂಡ್ರಾಯ್ಡ್ 10ರಿಂದ ಈಚೆಗೆ, ಅಂದರೆ 2019ರಿಂದ, ಫೋನು ವೈಫೈಗೆ ಸೇರುವಾಗ ಸಾಮಾನ್ಯವಾಗಿ ಆ ಅಡ್ರೆಸ್ ಹೇಳುವುದಿಲ್ಲ. ತಾನೇ ಒಂದು ಹೊಸ ಅಡ್ರೆಸ್ ಹುಟ್ಟಿಸಿಕೊಂಡು ಅದನ್ನು ಹೇಳುತ್ತದೆ. ಐಫೋನಿನಲ್ಲಿ 2020ರ ಐಓಎಸ್ 14ರಿಂದ ಹೀಗೇ. ಅಂಗಡಿ, ಮಾಲ್, ವಿಮಾನ ನಿಲ್ದಾಣಗಳಲ್ಲಿ ಒಂದೇ ಮ್ಯಾಕ್ ಹಿಡಿದು ನಿಮ್ಮ ಓಡಾಟ ಪತ್ತೆ ಮಾಡಬಾರದು ಅಂತ ಮಾಡಿದ ಏರ್ಪಾಡು ಇದು. ಒಳ್ಳೆಯದೇ. ಆದರೆ ನಾನು ಲಿಸ್ಟ್‌ಗೆ ಹಾಕಿದ್ದು ಒಂದು, ಫೋನು ಹೇಳಿದ್ದು ಇನ್ನೊಂದು. ಉದಾಹರಣೆಗೆ ಹೀಗೆ:

```
About phone ತೋರಿಸಿದ್ದು : 00:00:5E:00:53:2A
ರೂಟರ್‌ಗೆ ಕೇಳಿಸಿದ್ದು     : 6E:91:3C:0B:47:D2
```

ಆಗ ನನಗೆ ಇದು ಹೊಳೆಯಲಿಲ್ಲ. ಯಾಕೆಂದರೆ ಫೋನು ಹೇಳಿದ್ದು ಪಾಸ್‌ವರ್ಡ್ ನೋಡಿ ಮತ್ತೆ ಪ್ರಯತ್ನಿಸಿ ಅಂತ! ನಾನು ಪಾಸ್‌ವರ್ಡ್ ಹಾಕಿದೆ, ಮತ್ತೆ ಹಾಕಿದೆ, ಅಮ್ಮನ ಕೈಲೂ ಹಾಕಿಸಿದೆ. B ಬದಲು 8 ಬಿದ್ದಿರಬಹುದು ಅಂತ ಮ್ಯಾಕನ್ನೂ ತಿರುಗಿ ತಿರುಗಿ ಓದಿದೆ. ನಿಜ ಏನೆಂದರೆ ಪಾಸ್‌ವರ್ಡ್ ಪರೀಕ್ಷೆ ನಡೆದೇ ಇರಲಿಲ್ಲ. ಫೋನು ಮೊದಲು ನಾನು ಸೇರಬಹುದಾ ಅಂತ ಒಂದು ಕೋರಿಕೆ ಕಳಿಸುತ್ತದೆ, ಅದರಲ್ಲಿ ತನ್ನ ಮ್ಯಾಕ್ ಇರುತ್ತದೆ. ಫಿಲ್ಟರ್ ನೋಡುವುದು ಅಷ್ಟನ್ನೇ. ಲಿಸ್ಟ್‌ನಲ್ಲಿ ಇಲ್ಲದಿದ್ದರೆ ಅಲ್ಲೇ ವಾಪಸ್, ಕೆಲವು ರೂಟರ್‌ಗಳಂತೂ ಉತ್ತರವನ್ನೇ ಕೊಡುವುದಿಲ್ಲ. ಪಾಸ್‌ವರ್ಡ್ ತಾಳೆ ನೋಡುವ ಹಂತ ಬರುವುದು ಇದಾದ ಮೇಲೆ. ಆದರೆ ಯಾಕೆ ವಾಪಸ್ ಕಳಿಸಿದರು ಅಂತ ಫೋನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಪಾಸ್‌ವರ್ಡ್ ಮೇಲೆ ಅನುಮಾನ.

ಬ್ರಾಡ್‌ಬ್ಯಾಂಡ್ ಹುಡುಗ ಬಂದು ನೋಡಿದ. ರೂಟರ್ ಹಳೇದು, ಹೊಸ ಫೋನಿಗೆ ಆಗಲ್ಲ ಅಂದ. ಹುಡುಗರ ಫೋನುಗಳೆಲ್ಲ ಅದೇ ರೂಟರ್‌ನಲ್ಲಿ ಓಡುತ್ತಿದ್ದರೂ ನಾನು ನಂಬಿದೆ. ಹೊಸದು ತಂದು, ಹಳೇ ಲಿಸ್ಟನ್ನೆಲ್ಲ ಅದಕ್ಕೆ ಟೈಪ್ ಮಾಡಿ, ವೈಫೈಗೆ ಹೊಸ ಹೆಸರೂ ಇಟ್ಟೆ. ಈಗ ಅಮ್ಮನ ಫೋನಂತೂ ಸರಿ, ಮನೆಯ ಯಾವ ಫೋನೂ ಸೇರಲಿಲ್ಲ! ಲ್ಯಾಪ್‌ಟಾಪ್, ಟಿವಿ ಮಾತ್ರ ಸೇರಿದವು.

ಮಹಡಿ ಹುಡುಗರಲ್ಲಿ ಒಬ್ಬ ಕೆಳಗೆ ಬಂದು, ಅಂಕಲ್, ಲಿಸ್ಟ್ ತೋರಿಸಿ ಅಂದ. ಒಂದೊಂದು ಅಡ್ರೆಸ್‌ನ ಎರಡನೇ ಅಕ್ಷರಕ್ಕೆ ಬೆರಳಿಟ್ಟ. ಅದು 2, 6, A ಅಥವಾ E ಆಗಿದ್ದರೆ ಫೋನು ತಾನೇ ಮಾಡಿಕೊಂಡ ಅಡ್ರೆಸ್. ಅವರ ಫೋನುಗಳದ್ದೆಲ್ಲ ಅಂಥವೇ ಇದ್ದವು, ನಾನು ರೂಟರ್ ಪುಟದಿಂದ ಟಿಕ್ ಮಾಡಿದ್ದೆನಲ್ಲ. ಅಮ್ಮನದ್ದೊಂದೇ ಬೇರೆ. ಹೆಸರು ಬದಲಾದ ಮೇಲೆ ಅವೂ ಯಾಕೆ ಕೆಟ್ಟವು ಅಂದರೆ, ಈ ಅಡ್ರೆಸ್ ಹುಟ್ಟುವುದೇ ವೈಫೈ ಹೆಸರಿನ ಲೆಕ್ಕದಲ್ಲಿ. ಹೆಸರು ಬೇರೆಯಾದರೆ ಅಡ್ರೆಸ್ ಬೇರೆ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಎರಡು ಹೆಸರಿಟ್ಟಿದ್ದರೆ ಒಂದೇ ಫೋನಿಗೆ ಎರಡು ಅಡ್ರೆಸ್. ಲ್ಯಾಪ್‌ಟಾಪ್, ಟಿವಿಗಳು ಕಾರ್ಖಾನೆ ಅಡ್ರೆಸ್ಸನ್ನೇ ಹೇಳುತ್ತಿದ್ದವು, ಹಾಗಾಗಿ ಉಳಿದುಕೊಂಡವು.

ನಿಮ್ಮದೂ ಇದೇನಾ ಅಂತ ತಿಳಿಯಲು ಫಿಲ್ಟರ್ ಒಂದು ಗಳಿಗೆ ಆಫ್ ಮಾಡಿ. ಫೋನ್ ಕನೆಕ್ಟ್ ಆದ ಮೇಲೆ ರೂಟರ್ ಪುಟದಲ್ಲಿ ಅದು ಯಾವ ಅಡ್ರೆಸ್‌ನಲ್ಲಿ ಕಾಣುತ್ತದೆ ನೋಡಿ. ನೀವು ಟೈಪ್ ಮಾಡಿದ್ದಕ್ಕೂ ಅದಕ್ಕೂ ತಾಳೆ ಆಗದಿದ್ದರೆ ಮುಗಿಯಿತು, ಕಾರಣ ಸಿಕ್ಕಿತು.

ಫಿಲ್ಟರ್ ಇರಲೇಬೇಕು ಅಂದರೆ, ಫೋನು ಕನೆಕ್ಟ್ ಆಗಿರುವಾಗಲೇ ವೈಫೈ ಹೆಸರಿನ ಪಕ್ಕದ ಗೇರ್ ಒತ್ತಿ, `Privacy` ಒಳಗೆ `Use device MAC` ಆರಿಸಿ. ಆಗ ಫೋನು ಕಾರ್ಖಾನೆ ಅಡ್ರೆಸ್ಸನ್ನೇ ಹೇಳುತ್ತದೆ, ಆಮೇಲೆ ಫಿಲ್ಟರ್ ಮತ್ತೆ ಆನ್ ಮಾಡಿ. ಫೋನಿನ ಕಂಪನಿ ಮೇಲೆ ಮೆನು ಸ್ವಲ್ಪ ಆಚೀಚೆ ಇರಬಹುದು. ಐಫೋನ್ ಇದ್ದವರು ವೈಫೈ ಹೆಸರಿನ ಪಕ್ಕದ `i` ಒತ್ತಿ `Private Wi-Fi Address` ಅನ್ನು `Off` ಮಾಡಬೇಕು. ಐಓಎಸ್ 18ರಿಂದ ಅಲ್ಲಿ `Fixed`, `Rotating` ಅಂತಲೂ ಇವೆ. `Rotating` ಇದ್ದರೆ ಅಡ್ರೆಸ್ ಆಗಾಗ ತಾನಾಗಿ ಬದಲಾಗುತ್ತದೆ, ಇವತ್ತು ಸೇರಿದ ಫೋನು ಇನ್ನೊಂದು ದಿನ ಹೊರಗೆ. ಸೆಟ್ಟಿಂಗ್ಸ್‌ನಲ್ಲಿ ನೀವು ಮಾಡುವ ಈ ಬದಲಾವಣೆ ಆ ಒಂದು ವೈಫೈಗೆ ಮಾತ್ರ, ಹೊರಗಡೆ ನಿಮ್ಮ ಗುಟ್ಟು ಗುಟ್ಟಾಗೇ ಇರುತ್ತದೆ.

ಆದರೆ ನನ್ನನ್ನು ಕೇಳಿದರೆ ಫಿಲ್ಟರನ್ನೇ ತೆಗೆದುಬಿಡಿ. ಅದು ಕಾವಲು ಅನ್ನುವುದೇ ಭ್ರಮೆ. ಮದುವೆ ಮನೆ ಬಾಗಿಲಲ್ಲಿ ಬರೀ ಹೆಸರು ಕೇಳಿ ಒಳಗೆ ಬಿಟ್ಟ ಹಾಗೆ ಅದು. ವೈಫೈಗೆ ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಮ್ಯಾಕ್ ಮಾತ್ರ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಉಚಿತವಾಗಿ ಸಿಗುವ ತಂತ್ರಾಂಶ ಇಟ್ಟುಕೊಂಡು ಕೂತರೆ ನಿಮ್ಮ ಲಿಸ್ಟ್‌ನಲ್ಲಿರುವ ಒಂದು ಅಡ್ರೆಸ್ ಸಿಗುತ್ತದೆ, ಅದನ್ನೇ ತನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬಹುದು. ಬ್ಲಾಕ್ ಲಿಸ್ಟ್ ಅಂತೂ ಇನ್ನೂ ದಂಡ. ಬೇಡದವನ ಮ್ಯಾಕ್ ನೀವು ಬ್ಲಾಕ್ ಮಾಡಿದಿರಿ ಅಂದುಕೊಳ್ಳಿ, ಅವನು ಮೇಲೆ ಹೇಳಿದ ಅದೇ ಸ್ವಿಚ್ ತಿರುಗಿಸಿದರೆ ಬೇರೆ ಅಡ್ರೆಸ್‌ನಲ್ಲಿ ಮತ್ತೆ ಬರುತ್ತಾನೆ. ಮಗನ ಫೋನಿಗೆ ರಾತ್ರಿ ನೆಟ್ ಕಟ್ ಮಾಡುವ ಆಟವೂ ಇಷ್ಟೇ ಸುಲಭವಾಗಿ ಸೋಲುತ್ತದೆ.

ನಾನೀಗ ಮಹಡಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದಕ್ಕೆ ವೇಗದ ಮಿತಿ ಹಾಕಿದ್ದೇನೆ. ಈ ಮಿತಿ ಎಲ್ಲ ರೂಟರ್‌ನಲ್ಲಿ ಸಿಗಲ್ಲ, ನಿಮ್ಮದರಲ್ಲಿ ಇದೆಯಾ ನೋಡಿ. ಅದರ ಪಾಸ್‌ವರ್ಡ್ ಆಗಾಗ ಬದಲಾಯಿಸುತ್ತೇನೆ. ಮನೆಯವರ ವೈಫೈಗೆ ಡಬ್ಲ್ಯೂಪಿಎ2 ಭದ್ರತೆ ಇಟ್ಟು, ಉದ್ದದ ಪಾಸ್‌ವರ್ಡ್ ಹಾಕಿದ್ದೇನೆ. ಸ್ನೇಹಿತರು ಈಗಲೂ ಬರುತ್ತಾರೆ, ಆದರೆ ಆ ಮಿತಿಯೊಳಗೆ ಹಂಚಿಕೊಳ್ಳಬೇಕಾದವರು ಮಹಡಿಯವರೇ, ಹಾಗಾಗಿ ಪಾಸ್‌ವರ್ಡ್ ಯಾರಿಗೆ ಕೊಡಬೇಕು ಅಂತ ಅವರೇ ಜಗಳ ಆಡಿಕೊಳ್ಳುತ್ತಾರೆ.