ಗುಹೆಯಲ್ಲಿ ತೆಗೆದ ಬಾವಲಿ ಫೋಟೊ ಇದೆ. ಮುಖ ನಾಯಿಯಂತಿದೆ, ಕಣ್ಣು ದೊಡ್ಡದು. ಹಾಗಾದ್ರೆ ಹಣ್ಣು ತಿನ್ನುವ ಬಾವಲಿನೇ ಅಲ್ವಾ? ಯಾವ ಪ್ರಭೇದ ಅಂತ ಹೇಳೋದು ಹೇಗೆ?

ಇದೇ ಲೆಕ್ಕಾಚಾರ ನಂಬಿ ನಾನೂ ಪೆಟ್ಟು ತಿಂದವನು. ಒಂದು ಬಾವಲಿ ಸಮೀಕ್ಷೆಗೆ ಫೋಟೊ ತೆಗೆದುಕೊಡುತ್ತಿದ್ದೆ. ಬಂಡೆಗಳ ನಡುವಿನ ಗುಹೆಯೊಂದರಲ್ಲಿ ಕಂದು ಬಾವಲಿಗಳಿದ್ದವು. ಉದ್ದನೆ ಮೂತಿ, ದೊಡ್ಡ ಕಣ್ಣು, ಮೂಗಿನ ಮೇಲೆ ಎಲೆಯಂಥ ಚರ್ಮ ಇಲ್ಲ. ಗುಹೆಯಲ್ಲಿ ವಾಸಿಸುವ ಹಣ್ಣಿನ ಬಾವಲಿ ಅಂದ್ರೆ ರೂಸೆಟಸ್ ಎಂದು ಓದಿದ್ದೆ. ತಡಮಾಡದೆ ರೂಸೆಟಸ್ ಲೆಶೆನಾಲ್ಟಿ ಎಂದು ಬರೆದು ಕಳಿಸಿಬಿಟ್ಟೆ.

ಅವು ಟಾಫೊಜಸ್ ಕುಲದವು. ಅಪ್ಪಟ ಹುಳ ತಿನ್ನುವ ಬಾವಲಿಗಳು.

ಬೇಸರದ ಸಂಗತಿ ಏನೆಂದರೆ, ಉತ್ತರ ಅದೇ ಫೋಟೊದಲ್ಲಿ ಇತ್ತು. ನಾನು ಮೊದಲು ಹೆಸರು ಆರಿಸಿಕೊಂಡೆ, ಆಮೇಲೆ ಅದಕ್ಕೆ ಹೊಂದುವ ಗುರುತು ಹುಡುಕಿದೆ. ಹೊಂದದವು ಕಣ್ಣಿಗೇ ಬೀಳಲಿಲ್ಲ. ದೊಡ್ಡ ಫೋಟೊ ಇದ್ದರೆ ಕಿವಿಯನ್ನು ಹಿಗ್ಗಿಸಿ ನೋಡಿ. ಹಣ್ಣಿನ ಬಾವಲಿಯ ಕಿವಿ ಸಾದಾ ಕೊಳವೆ. ಅದರ ಅಂಚು ಬುಡದಲ್ಲಿ ಸುತ್ತಿಕೊಂಡು ಬಂದು ಪೂರ್ತಿ ಕೂಡಿಕೊಳ್ಳುತ್ತದೆ. ನನ್ನ ಫೋಟೊದ ಕಿವಿಯಲ್ಲಿ ಅಂಚು ಕೂಡಿರಲಿಲ್ಲ. ಕಿವಿಯ ಬಾಯಿಗೆ ಅಡ್ಡವಾಗಿ ಒಂದು ಸಣ್ಣ ಚರ್ಮದ ತುಂಡು ನಿಂತಿತ್ತು. ಅದೇ ಟ್ರೇಗಸ್. ಹಣ್ಣಿನ ಬಾವಲಿಗೆ ಅದು ಇರೋದಿಲ್ಲ. ನಾನು ಅದನ್ನು ಕೂದಲಿನ ನೆರಳು ಎಂದುಕೊಂಡಿದ್ದೆ! ಹಾಗಂತ ಟ್ರೇಗಸ್ ಇಲ್ಲದ್ದೆಲ್ಲ ಹಣ್ಣಿನದು ಎಂದು ತಿರುಗಿಸಿ ಓದಬೇಡಿ. ರೈನೋಲೋಫಸ್, ಹಿಪ್ಪೊಸಿಡೆರೋಸ್ ಕುಲದ ಹುಳ ತಿನ್ನುವ ಬಾವಲಿಗಳಿಗೂ ಅದು ಇಲ್ಲ. ಆದರೆ ಅವುಗಳ ಮೂಗಿನ ಮೇಲೆ ಎಲೆಯಂಥ ಚರ್ಮ ಇರುತ್ತದೆ, ಅದರಿಂದ ಗೊತ್ತಾಗುತ್ತದೆ.

ಎರಡನೆಯದು ಬಾಲ. ರೂಸೆಟಸ್‌ಗೆ ಚಿಕ್ಕ ಬಾಲ, ಕಾಲುಗಳ ನಡುವಿನ ಪೊರೆಯೂ ಕಿರಿದು. ನನ್ನ ಬಾವಲಿಗಳಲ್ಲಿ ಆ ಪೊರೆ ಅಗಲವಾಗಿತ್ತು, ಬಾಲದ ತುದಿ ಪೊರೆಯ ಮೇಲ್ಮೈಯನ್ನು ತೂರಿಕೊಂಡು ಬೆನ್ನಿನ ಕಡೆ ಹೊರಬಂದಿತ್ತು. ಹಣ್ಣಿನ ಬಾವಲಿ ಹೀಗಿರೋದೇ ಇಲ್ಲ. ಇನ್ನು ಹೆಚ್ಚಿನ ಹಣ್ಣಿನ ಬಾವಲಿಗಳಿಗೆ ಹೆಬ್ಬೆರಳಿನ ಜೊತೆ ಎರಡನೇ ಬೆರಳ ತುದಿಯಲ್ಲೂ ಪುಟ್ಟ ಉಗುರಿರುತ್ತದೆ. ಮಡಚಿದ ರೆಕ್ಕೆಯ ಅಂಚಿನಲ್ಲಿ ಅದನ್ನು ಹುಡುಕಬಹುದು. ಸಿಕ್ಕರೆ ಒಳ್ಳೆಯ ಸಾಕ್ಷಿ. ಸಿಗದಿದ್ದರೆ ಏನೂ ತೀರ್ಮಾನಿಸಬೇಡಿ, ಗುಹೆಯಲ್ಲೇ ಇರುವ ಇಯೊನಿಕ್ಟೆರಿಸ್ ಎಂಬ ಹಣ್ಣಿನ ಬಾವಲಿಗೆ ಆ ಉಗುರು ಇಲ್ಲ.

ಕೂರುವ ಭಂಗಿ ಬರೀ ಸುಳಿವು ಅಷ್ಟೆ. ಟಾಫೊಜಸ್ ಹೊಟ್ಟೆಯನ್ನು ಬಂಡೆಗೆ ಒತ್ತಿಕೊಂಡು ಗೋಡೆ ಹಿಡಿದು ಅಂಟಿಕೊಂಡಿರುತ್ತದೆ. ಹಣ್ಣಿನ ಬಾವಲಿ ಸಾಮಾನ್ಯವಾಗಿ ಕಾಲಿನಿಂದ ನೇತಾಡಿ ರೆಕ್ಕೆ ಸುತ್ತಿಕೊಳ್ಳುತ್ತದೆ. ಆದರೆ ರೈನೋಲೋಫಸ್ ಕೂಡ ಹಾಗೇ ಸುತ್ತಿಕೊಂಡು ನೇತಾಡುತ್ತದಲ್ಲ! ಗಾತ್ರದ ಮಾತೂ ಅಷ್ಟೇ. ಅಳತೆಗೆ ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಫೋಟೊದಲ್ಲಿ ದೊಡ್ಡದು, ಚಿಕ್ಕದು ಎನ್ನುವುದಕ್ಕೆ ಅರ್ಥವಿಲ್ಲ.

ನನ್ನ ದಾಖಲೆ ಪರಿಶೀಲನೆಗೆ ಹೋದಾಗ ಸಿಕ್ಕಿಬಿತ್ತು. ಆ ಒಂದನ್ನು ತೆಗೆದಿದ್ದರೆ ಪರವಾಗಿರಲಿಲ್ಲ. ನಾನು ಕೊಟ್ಟ ಉಳಿದ ಹೆಸರುಗಳನ್ನೂ ಯಾರೂ ನಂಬದೆ ಪಕ್ಕಕ್ಕಿಟ್ಟರು. ಅವುಗಳಲ್ಲಿ ಸರಿಯಾದವೂ ಇದ್ದವು. ಯಾರನ್ನು ದೂರೋದು?

ಈಗ ನಿಮ್ಮ ಎರಡನೇ ಪ್ರಶ್ನೆ. ಪ್ರಭೇದ ಹೇಳಲೇಬೇಕು ಎಂದುಕೊಂಡಿದ್ದೀರಲ್ಲ, ಅದನ್ನೇ ನಾನು ಒಪ್ಪೋದಿಲ್ಲ. ನನ್ನ ಟಾಫೊಜಸ್‌ನ ಪ್ರಭೇದ ಇವತ್ತಿಗೂ ನನಗೆ ಗೊತ್ತಿಲ್ಲ. ಯಾಕೆಂದರೆ ಗಂಟಲಲ್ಲಿ ಚೀಲ ಇದೆಯೋ, ಗಂಡಿಗೆ ಕಪ್ಪು ಗಡ್ಡ ಇದೆಯೋ, ಕೆಳಹೊಟ್ಟೆಯಲ್ಲಿ ಕೂದಲಿಲ್ಲವೋ, ಈ ಗುರುತುಗಳೆಲ್ಲ ಇರೋದು ಮುಂಭಾಗದಲ್ಲಿ. ಅವು ಅದನ್ನೇ ಬಂಡೆಗೆ ಒತ್ತಿಕೊಂಡು ಕೂತಿರುತ್ತವೆ. ಫೋಟೊದಲ್ಲಿ ಕಾಣೋದು ಬೆನ್ನು ಮಾತ್ರ.

ಕೈಯಲ್ಲಿ ಹಿಡಿದರೂ ತಪ್ಪುತ್ತದೆ. 1948ರಲ್ಲಿ ತಮಿಳುನಾಡಿನ ಹೈ ವೇವಿ ಬೆಟ್ಟಗಳಲ್ಲಿ ಪ್ರಕೃತಿ ಅಧ್ಯಯನಕಾರ ಆಂಗಸ್ ಹಟನ್ ಒಂದು ಹಣ್ಣಿನ ಬಾವಲಿ ಸಂಗ್ರಹಿಸಿದರು. ಅದಕ್ಕೆ ಸಾಮಾನ್ಯವಾದ ಸೈನೊಪ್ಟೆರಸ್ ಎಂದು ಹೆಸರು ಬಿತ್ತು. 1972ರಲ್ಲಿ ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ಥೊಂಗ್‌ಲೊಂಗ್ಯ ಅದೇ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ಹಲ್ಲಿನ ಜೋಡಣೆ ಬೇರೆ, ಹೊರಗೆ ಬಾಲವೇ ಇಲ್ಲ. ಅದು ಹೊಸ ಪ್ರಭೇದ ಅಷ್ಟೇ ಅಲ್ಲ, ಹೊಸ ಕುಲವೇ ಆಗಿತ್ತು: ಲ್ಯಾಟಿಡೆನ್ಸ್ ಸಲೀಮಾಲಿ. ಮ್ಯೂಸಿಯಂ ಮಾದರಿಗೇ ಈ ಗತಿ ಆದರೆ, ದೂರದಿಂದ ತೆಗೆದ ಫೋಟೊದಲ್ಲಿ ಹಲ್ಲು ಯಾರು ನೋಡ್ತಾರೆ?

ಹಾಗಾಗಿ ಕಿವಿಯ ಅಂಚು ಸ್ಪಷ್ಟವಾಗಿ ಕಂಡರೆ ಹಣ್ಣಿನದೋ ಅಲ್ಲವೋ ಬರೆಯಿರಿ. ಬಾಲವೂ ಕಂಡರೆ ಕುಲದ ಹೆಸರು ಹಾಕಿ, ಪ್ರಭೇದದ ಜಾಗ ಖಾಲಿ ಬಿಡಿ, ಯಾವ ಗುರುತು ಕಾಣಲಿಲ್ಲ ಎಂದೂ ಸೇರಿಸಿ. ಮುಂದೆ ಯಾರಾದರೂ ಅಲ್ಲಿ ಕೂಗು ದಾಖಲಿಸಿದರೆ ಅಥವಾ ಅನುಮತಿ ಪಡೆದು ಅಳತೆ ತೆಗೆದರೆ ಅವರು ತುಂಬುತ್ತಾರೆ. ಒಳ್ಳೆಯ ಫೋಟೊ ಬೇಕು ಅಂತ ಸುಮ್ನೆ ಮತ್ತೆ ಒಳಗೆ ನುಗ್ಗಬೇಡಿ. ಮರಿಗಳಿರುವ ಕಾಲದಲ್ಲಿ ತಾಯಂದಿರು ಗಾಬರಿಯಿಂದ ಹಾರಿದರೆ ಮರಿಗಳು ಕೆಳಗೆ ಬೀಳುತ್ತವೆ.